ಬಣ್ಣದಕ್ಕನನ್ನು ಕೇಳದೆ ಹೋದ ಕಾಗದ

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಗೇಟಿನ ಕಾವಲುಗಾರನಿಂದ ಹಿಡಿದು ಮಾಲೀಕರವರೆಗೆ ಎಲ್ಲರಿಗೂ ಅವಳು ಬಣ್ಣದಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಬಾಯ್ಲರ್ ಆಪರೇಟರ್ ಕೂಡ "ಬಣ್ಣದಕ್ಕಾ, ಚಹಾ ಬಂತು" ಎಂದೇ ಕೂಗುತ್ತಿದ್ದರು.

ಅವಳ ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ಗಿರಾಕಿ ಬೆರಳಗಲದ ಒಂದು ಬಟ್ಟೆ ಚೂರು ಕಳಿಸಿ "ಇದೇ ಬಣ್ಣ ಬೇಕು" ಎನ್ನುತ್ತಾನೆ. ಅವಳು ಲ್ಯಾಬಿನಲ್ಲಿ ಯಾವ ಪುಡಿ ಎಷ್ಟು, ಎಷ್ಟು ಶಾಖ, ಎಷ್ಟು ಹೊತ್ತು ಎಂದು ಲೆಕ್ಕ ಹಾಕಿ, ಚಿಕ್ಕ ಡಬ್ಬಿಯಲ್ಲಿ ಒಂದು ತುಂಡು ಬಟ್ಟೆ ಅದ್ದಿ ತೆಗೆಯುತ್ತಾಳೆ. ಆಮೇಲೆ ಎರಡನ್ನೂ ಬೂದು ಬಣ್ಣದ ಲೈಟ್ ಬಾಕ್ಸಿನೊಳಗೆ ಪಕ್ಕಪಕ್ಕ ಇಟ್ಟು, ಹಗಲಿನ ಬೆಳಕು, ಅಂಗಡಿಯ ಬೆಳಕು, ಮನೆಯ ಹಳದಿ ಬೆಳಕು ಒಂದೊಂದನ್ನೇ ಹಾಕಿ ನೋಡುತ್ತಾಳೆ. ಅಂಗಡಿಯಲ್ಲಿ ಅಕ್ಕತಂಗಿಯರಂತೆ ಕಂಡ ಎರಡು ಚೂರು ಬಿಸಿಲಿಗೆ ಬಂದ ಕೂಡಲೇ ಸವತಿಯರಂತೆ ಮುಖ ತಿರುಗಿಸಿಕೊಳ್ಳುವುದುಂಟು. ಅದನ್ನು ಮೊದಲೇ ಹಿಡಿಯದಿದ್ದರೆ ಟನ್ನುಗಟ್ಟಲೆ ಬಟ್ಟೆ ಹಾಳು.

ಮನೆಮನೆಗೆ ಬಟ್ಟೆ ಹೊಲಿದುಕೊಡುತ್ತಿದ್ದ ತಾಯಿಯ ದಾರದ ಉಂಡೆಗಳನ್ನು ವಿಂಗಡಿಸುತ್ತ ಬೆಳೆದವಳು ಅವಳು. ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳೂ ಅವಳೇ. ಕೆಮಿಸ್ಟ್ರಿ ಓದಿ ಕಾರ್ಖಾನೆಗೆ ಸೇರಿದ ವರ್ಷ, ಆಗಿನ ಲ್ಯಾಬ್ ಮುಖ್ಯಸ್ಥರು ಒಂದು ಪರೀಕ್ಷೆ ಕೊಟ್ಟಿದ್ದರು. ಅವರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ನಾಲ್ಕು ಉದ್ದನೆಯ ತಟ್ಟೆ, ಎಂಬತ್ತೈದು ಚಿಕ್ಕ ಬಿಲ್ಲೆ. ಒಂದಕ್ಕೊಂದು ಕೂದಲೆಳೆಯಷ್ಟೇ ಬೇರೆಯಾದ ಬಣ್ಣಗಳು. ಅವನ್ನು ಕ್ರಮವಾಗಿ ಜೋಡಿಸಬೇಕು, ಎಷ್ಟು ತಪ್ಪು ಎಂದು ಬಿಲ್ಲೆಯ ಕೆಳಗಿನ ನಂಬರ್ ನೋಡಿ ಎಣಿಸುತ್ತಾರೆ. ಅವಳದು ಸೊನ್ನೆ ತಪ್ಪು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದರು. ಆಗಲೂ ಸೊನ್ನೆ. ಎರಡು ವರ್ಷಕ್ಕೊಮ್ಮೆ ಆ ಪರೀಕ್ಷೆ ನಡೆಯುತ್ತದೆ. ಹದಿನಾಲ್ಕು ವರ್ಷದಲ್ಲಿ ಅವಳದು ಒಮ್ಮೆಯೂ ತಪ್ಪಿಲ್ಲ. ಆ ಮಾತು ಅಲ್ಲಿನ ಬಣ್ಣದ ಕಾರ್ಖಾನೆಗಳಲ್ಲೆಲ್ಲ ಹಬ್ಬಿತ್ತು.

ಮೇಷ್ಟ್ರು ಬೇರೆ ದೊಡ್ಡ ಗಿರಣಿಗೆ ಹೋದ ಮೇಲೆ ಅವರ ಕುರ್ಚಿ ಅವಳಿಗೆ ಬರುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಬರಲಿಲ್ಲ. ಮೊದಲು ಒಬ್ಬ ಬಂದ, ಅವನು ಹೋದ, ಎರಡನೆಯವನು ಬಂದ. ಇಬ್ಬರಿಗೂ ಕೆಲಸ ಹೇಳಿಕೊಟ್ಟವಳು ಅವಳೇ. ಮೂರನೆಯವನು ಬರುತ್ತಾನೆಂದು ತಿಳಿದ ದಿನ ಅವಳು ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ತಂಗಿಗೆ ಹೇಳಿದಳು:

"ಸಾಕು ಕಣೇ. ನಾನು ಬೇರೆ ಕೆಲಸ ನೋಡ್ಕೋತೀನಿ. ಲ್ಯಾಬ್ ಮುಖ್ಯಸ್ಥೆ ಅಂತ ಬರೆದಿರೋ ಕೆಲಸಕ್ಕೆ ಮಾತ್ರ ಹೋಗ್ತೀನಿ."

"ಅಬ್ಬಾ, ಕೊನೆಗೂ ಬಾಯಿ ಬಿಟ್ಟೆಯಲ್ಲ!" ತಂಗಿ ಹಿಗ್ಗಿದಳು. ಅವಳು ಒಂದು ಆಫೀಸಿನ ಸ್ವಾಗತದ ಮೇಜಿನಲ್ಲಿ ಕೂರುವವಳು, ಹತ್ತು ಜನರ ನಂಬರ್ ಅವಳ ಬೆರಳ ತುದಿಯಲ್ಲಿ. "ಕೆಲಸ ಕೊಡಿಸೋ ಏಜೆನ್ಸಿಯವರೊಬ್ರು ಗೊತ್ತು ನಂಗೆ. ನಾಳೆನೇ ಹೋಗು."

ಬಣ್ಣದಕ್ಕ ಮೇಷ್ಟ್ರಿಗೂ ಫೋನ್ ಮಾಡಿದಳು. "ನಮ್ಮ ಗಿರಣಿಲಿ ಹೊಸ ಲ್ಯಾಬ್ ಆಗ್ತಾ ಇದೆ ಕಣಮ್ಮ," ಎಂದರು ಅವರು. "ಜಾಗ ಇನ್ನೂ ಮಂಜೂರಾಗಿಲ್ಲ. ಆದ ದಿನ ನಾನೇ ನಿನ್ನ ಹೆಸರು ಕೊಡ್ತೀನಿ. ಆದ್ರೆ ನನ್ನೊಬ್ಬನ್ನೇ ನಂಬ್ಕೊಂಡು ಕೂರಬೇಡ."

ಹೀಗಾಗಿ ಅವಳು ಏಜೆನ್ಸಿಗೆ ಹೋದಳು. ಔಷಧಿ ಅಂಗಡಿಯ ಮೇಲಿನ ಮಹಡಿ. ಗಾಜಿನ ಬಾಗಿಲು, ಮೂರು ಮೇಜು, ಒಂದು ನೀರಿನ ಡ್ರಮ್ಮು. ಅವಳಿಗೆ ಸಿಕ್ಕಿದ ಏಜೆಂಟರು ನಲವತ್ತು ದಾಟಿದ, ಮರ್ಯಾದಸ್ಥ ಮನುಷ್ಯ. ಎರಡು ಫೋನುಗಳು ಅವರ ಮುಂದೆ ಸರದಿಯಲ್ಲಿ ಗುರ್ ಎನ್ನುತ್ತಿದ್ದವು.

"ನಾನೊಂದು ಮಾತು ಮೊದಲೇ ಹೇಳ್ಬಿಡ್ತೀನಿ," ಎಂದಳು ಬಣ್ಣದಕ್ಕ. "ನನ್ನನ್ನ ಕೇಳದೆ ನನ್ನ ರೆಸ್ಯೂಮೆ ಯಾವ ಕಂಪನಿಗೂ ಹೋಗಬಾರದು."

"ಆಯ್ತು ಮೇಡಂ."

"ಯಾವ ಕಂಪನಿ, ಯಾವ ಕೆಲಸ ಅಂತ ನೀವು ಹೇಳ್ಬೇಕು. ನಾನು ಯೋಚನೆ ಮಾಡಿ ಬರವಣಿಗೇಲಿ ಹೂಂ ಅಂದ್ಮೇಲೆ ಕಳಿಸ್ಬೇಕು."

"ಆಯ್ತು ಮೇಡಂ."

"ಪ್ರತಿ ಸಲಾನೂ."

"ಆಯ್ತು ಮೇಡಂ, ಆಯ್ತು." ಅವರ ಕಣ್ಣು ಎರಡನೇ ಫೋನಿನ ಮೇಲಿತ್ತು.

ಈ ಭಯ ಅವಳಿಗೆ ಸುಮ್ಮನೆ ಹುಟ್ಟಿದ್ದಲ್ಲ. ಮೂರು ವರ್ಷದ ಹಿಂದೆ ಪ್ಯಾಕಿಂಗ್ ಸೂಪರ್‌ವೈಸರ್ ಒಬ್ಬರ ರೆಸ್ಯೂಮೆಯನ್ನು ಯಾರೋ ಏಜೆಂಟ್ ಸಿಕ್ಕಸಿಕ್ಕವರಿಗೆಲ್ಲ ಹಂಚಿದ್ದ. ಅದು ಸುತ್ತಿ ಸುತ್ತಿ ಅವರದೇ ಮ್ಯಾನೇಜರ್ ಮೇಜಿಗೆ ಬಂದು ಬಿದ್ದಿತ್ತು. ಆ ವರ್ಷ ಅವರ ಬಡ್ತಿ ಹೋಯಿತು, ಮುಂದಿನ ವರ್ಷ ಅವರೇ ಹೋದರು. ಅವರ ಖಾಲಿ ಕುರ್ಚಿಯನ್ನು ಅವಳು ದಿನಾ ನೋಡಿದ್ದಳು.

ಆದ್ದರಿಂದ ಬಾಯಿಮಾತಿಗೆ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಕೂತು, ಹೇಳಿದ್ದನ್ನೆಲ್ಲ ನಾಲ್ಕು ಸಾಲಿನ ಮೇಲ್ ಮಾಡಿ ಏಜೆಂಟರಿಗೆ ಕಳಿಸಿದಳು. ಕೆಳಗೆ ರೆಸ್ಯೂಮೆ ಲಗತ್ತಿಸಿದ್ದಳು. ಒಂದೇ ಸಾಲಿನ ಉತ್ತರ ಬಂತು: ಆಯ್ತು ಮೇಡಂ.

ಮೊದಲ ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ಏಜೆಂಟರು ಎರಡು ಸಲ ಫೋನ್ ಮಾಡಿ ಕಂಪನಿಯ ಹೆಸರು ಹೇಳಿದರು. ಒಂದು ತೀರಾ ದೂರ, ಇನ್ನೊಂದು ರಾತ್ರಿ ಪಾಳಿ. ಎರಡಕ್ಕೂ ಬೇಡ ಎಂದಳು. ಆಮೇಲೆ ಫೋನ್ ನಿಂತಿತು. ಅಷ್ಟರಲ್ಲಿ ಒಂದು ಬುಧವಾರ ಮೇಷ್ಟ್ರು ಕರೆ ಮಾಡಿ, "ಜಾಗ ಮಂಜೂರಾಯ್ತು, ಇವತ್ತೇ ಕಳಿಸು" ಎಂದರು. ಅವಳು ಊಟದ ಬಿಡುವಿನಲ್ಲಿ ರೆಸ್ಯೂಮೆ ಕಳಿಸಿದಳು. ಅವರು ಅದನ್ನು ತಮ್ಮ ಗಿರಣಿಯ ನೇಮಕಾತಿ ವಿಭಾಗಕ್ಕೆ, ತಾವು ಬಲ್ಲವಳು ಎಂಬ ಎರಡು ಮಾತು ಸೇರಿಸಿ ಕೊಟ್ಟರು.

ಶುಕ್ರವಾರ ಬೆಳಿಗ್ಗೆ ಕಾರ್ಖಾನೆಯ ದೊಡ್ಡ ಮ್ಯಾನೇಜರ್ ಅವಳನ್ನು ಕೋಣೆಗೆ ಕರೆಸಿದರು.

"ಕೂತ್ಕೊಳ್ಳಿ ಬಣ್ಣದಕ್ಕ. ಒಂದು ಕಾಗದ ಓದ್ತೀನಿ, ಕೇಳಿ." ಕನ್ನಡಕ ಏರಿಸಿಕೊಂಡು ಓದತೊಡಗಿದರು. "ಹೆಸರು, ಗೌಪ್ಯ. ಹತ್ತಿಬಟ್ಟೆ ಶೇಡ್ ಹೊಂದಿಸುವುದರಲ್ಲಿ ಹದಿನಾಲ್ಕು ವರ್ಷ, ಒಂದೇ ಕಾರ್ಖಾನೆಯಲ್ಲಿ. ಕೆಮಿಸ್ಟ್ರಿ ಪದವಿ. ಎಂಬತ್ತೈದು ಬಿಲ್ಲೆಗಳ ಪರೀಕ್ಷೆಯಲ್ಲಿ ಏಳು ಸಲವೂ ಸೊನ್ನೆ ತಪ್ಪು." ಕಾಗದ ಕೆಳಗಿಟ್ಟರು. "ನಮ್ಮ ಮಾಲೀಕರ ಭಾವಮೈದುನರ ಕಂಪನಿಗೆ ಬಂದಿತ್ತಂತೆ. ಅವರು ನಗ್ತಾ ನಂಗೆ ಕಳಿಸಿದಾರೆ. ಹೇಳಿ, ಈ ಗೌಪ್ಯ ಅನ್ನೋರು ಯಾರಿರಬಹುದು?"

ಹೆಸರು ಅಳಿಸಿದ್ದರು, ಸರಿ. ಆದರೆ ಸೊನ್ನೆ ತಪ್ಪಿನವರು ಸುತ್ತಮುತ್ತ ಎಷ್ಟು ಜನ? ಮುಖಕ್ಕೆ ಬಟ್ಟೆ ಮುಚ್ಚಿ, ಬೆನ್ನ ಮೇಲೆ ವಿಳಾಸ ಬರೆದು ಬೀದಿಗೆ ಬಿಟ್ಟ ಹಾಗಾಗಿತ್ತು.

ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಬಂತು. ನುಂಗಿಕೊಂಡಳು.

"ನಾನೇ ಸರ್. ಆದ್ರೆ ಇದನ್ನ ನಾನು ಕಳಿಸಿಲ್ಲ. ಕೇಳದೆ ಕಳಿಸ್ಬೇಡಿ ಅಂತ ಬರೆದೇ ಕೊಟ್ಟಿದ್ದೆ."

"ಕೆಲಸ ಹುಡುಕ್ತಿರೋದು ನಿಜ ತಾನೇ?"

"ನಿಜ. ಯಾಕೆ ಅಂತ ನಿಮಗೂ ಗೊತ್ತು."

ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ಅವರು ಕೆಟ್ಟವರಲ್ಲ, ಆದರೆ ಮಾಲೀಕರ ಮುಂದೆ ಬೆನ್ನು ನೆಟ್ಟಗಿಟ್ಟು ನಿಲ್ಲುವವರೂ ಅಲ್ಲ. "ಹೊಸ ಗಿರಾಕಿ ಶೇಡುಗಳನ್ನ ಇನ್ನು ನೀವು ನೋಡೋದು ಬೇಡ. ಹೊಸ ಮುಖ್ಯಸ್ಥರು ಬರೋವರೆಗೂ ಹಳೇ ಬಟ್ಟೆ ಚೂರುಗಳ ಬೀರು ಜೋಡಿಸಿ."

ಹದಿನಾಲ್ಕು ವರ್ಷದ ಕಣ್ಣಿಗೆ ಬೀರು ಕಾಯುವ ಕೆಲಸ. ಅವಳು ಬೀಗದಕೈ ತೆಗೆದುಕೊಂಡು ಹೊರಬಂದಳು.

ಅದೇ ಮಧ್ಯಾಹ್ನ ಇನ್ನೊಂದು ಪೆಟ್ಟು. ಮೇಷ್ಟ್ರ ಗಿರಣಿಯ ನೇಮಕಾತಿ ವಿಭಾಗದಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ದನಿ ಮೆತ್ತಗಿತ್ತು, ಮಾತು ಚೊಕ್ಕವಾಗಿತ್ತು.

"ನಿಮ್ಮ ಅರ್ಜಿ ಎರಡು ಬಾಗಿಲಿಂದ ಬಂದಿದೆ. ಸೋಮವಾರ ಒಂದು ಏಜೆನ್ಸಿ ಹೆಸರಿಲ್ಲದ ವಿವರ ಕಳಿಸಿತ್ತು. ಬುಧವಾರ ನಮ್ಮ ಲ್ಯಾಬಿನ ಹಿರಿಯರು ನಿಮ್ಮ ರೆಸ್ಯೂಮೆ ಕೊಟ್ರು. ಎರಡೂ ಒಬ್ಬರದೇ ಅನ್ನಿಸ್ತು, ಕೇಳಿದೆವು; ಏಜೆನ್ಸಿಯವರು ಹೌದು ಅಂದ್ರು. ಮೊದಲು ಕಳಿಸಿದ್ದು ತಾವು, ಆಯ್ಕೆಯಾದ್ರೆ ಶುಲ್ಕ ತಮಗೆ ಬರಬೇಕು ಅಂತಿದಾರೆ. ನಿಮ್ಮ ಪರವಾಗಿ ಯಾರು ಅನ್ನೋದು ತೀರ್ಮಾನ ಆಗೋವರೆಗೂ ನಾವು ಮುಂದೆ ಹೋಗೋಕಾಗಲ್ಲ. ನಮ್ಮ ನಿಯಮ ಅದು."

"ಎಷ್ಟು ದಿನ ಕಾಯ್ತೀರಿ?"

"ಮುಂದಿನ ಶುಕ್ರವಾರ ಸಂದರ್ಶನಕ್ಕೆ ಕರೆಯೋರ ಪಟ್ಟಿ ಮುಗಿಸ್ತೀವಿ."

ಇದ್ದ ಕೆಲಸದಲ್ಲಿ ಪಾಲಿಗೆ ಬೀರು, ಬರಬೇಕಾದ ಕೆಲಸಕ್ಕೆ ಏಳು ದಿನದ ಗಡುವು. ಸಂಜೆ ಮನೆಯಲ್ಲಿ ತಂಗಿ ಎಲ್ಲ ಕೇಳಿ, ತಲೆಯ ಮೇಲೆ ಕೈಹೊತ್ತು, ಆಮೇಲೆ ವ್ಯವಹಾರದ ಮಾತಾಡಿದಳು.

"ಅಕ್ಕ, ಹೋಗ್ಲಿ ಬಿಡು. ಏಜೆನ್ಸಿ ಮೂಲಕವೇ ಬಂದೆ ಅಂತ ಒಂದು ಸಾಲು ಬರೆದುಕೊಡು. ದಾರಿ ಸಲೀಸಾಗುತ್ತೆ. ಶುಲ್ಕ ಕೊಡೋದು ಗಿರಣಿಯವರು, ನಿನ್ನ ಗಂಟೇನು ಹೋಗುತ್ತೆ?"

"ನನ್ನ ಮಾತು ಹೋಗುತ್ತೆ."

"ಮಾತು ಇಟ್ಕೊಂಡು ಬೀರು ಜೋಡಿಸ್ತಾ ಕೂತ್ಕೋ ಹಾಗಾದ್ರೆ!"

"ನಾನು ಹೂಂ ಅಂತ ಬರೆದುಕೊಟ್ರೆ, ಕೇಳದೆ ಕಳಿಸಿದ್ದೇ ಸರಿ ಅಂತಾಗುತ್ತೆ. ಅಷ್ಟೇ ಅಲ್ಲ ಕಣೇ. ಆ ಕಾಗದದಲ್ಲಿ ಇನ್ನೇನೇನು ಬರೆದಿದಾರೋ ನಾನು ಕಂಡಿಲ್ಲ. ಕಾಣದ್ದಕ್ಕೆ ನಾನು ಸಹಿ ಹಾಕಲ್ಲ."

ತಂಗಿ ಮೂತಿ ಉಬ್ಬಿಸಿದಳು. ಆದರೂ ಬೆಳಿಗ್ಗೆ ತಾನೇ ಏಜೆನ್ಸಿಗೆ ಫೋನ್ ಮಾಡಿ, ಶನಿವಾರವೂ ತೆರೆದಿರುತ್ತದೆಯೇ ಎಂದು ವಿಚಾರಿಸಿಕೊಟ್ಟಳು.

ಬಣ್ಣದಕ್ಕ ಗಾಜಿನ ಬಾಗಿಲು ತಳ್ಳಿದಾಗ ಏಜೆಂಟರು ಎದ್ದು ನಿಂತರು. "ಬನ್ನಿ ಮೇಡಂ! ನಿಮ್ಮದು ಒಳ್ಳೇ ಕಂಪನೀಲಿ ಬಿಸಿಬಿಸಿಯಾಗಿ ನಡೀತಾ ಇದೆ..."

"ಯಾವ್ಯಾವ ಕಂಪನೀಲಿ? ಅದನ್ನೇ ಕೇಳೋಕೆ ಬಂದೆ. ನಂಗೆ ಯಾರೂ ಹೇಳಿಲ್ಲ."

"ಮೇಡಂ, ರೆಸ್ಯೂಮೆ ನಾನು ಕಳಿಸೇ ಇಲ್ಲ. ನಿಮ್ಮ ಮಾತು ಮೀರಿಲ್ಲ. ಹೆಸರು ತೆಗೆದು, ಫೋನ್ ತೆಗೆದು, ಬರೀ ವಿವರ ಕಳಿಸಿದೆ. ನಾವು ಎಲ್ಲರಿಗೂ ಹಂಗೇ ಮಾಡೋದು. ಅಕೌಂಟೆಂಟ್ ಆಗ್ಲಿ, ಡ್ರೈವರ್ ಆಗ್ಲಿ, ಯಾರಿಗೂ ಗುರುತು ಸಿಗಲ್ಲ."

"ಅಕೌಂಟೆಂಟ್ ಸಾವಿರ ಜನ ಇದಾರೆ. ಸೊನ್ನೆ ತಪ್ಪಿನವಳು ಇಲ್ಲಿ ನಾನೊಬ್ಬಳೇ. ನಮ್ಮ ಮ್ಯಾನೇಜರ್ ಮೂರು ಸಾಲು ಓದೋಷ್ಟರಲ್ಲಿ ಗುರುತು ಹಿಡಿದ್ರು."

ಏಜೆಂಟರ ಮುಖ ಇಂಗು ತಿಂದ ಮಂಗನಂತಾಯಿತು. "ನಿಮ್ಮ ಮ್ಯಾನೇಜರ್‌ಗೆ ನಾನು ಕಳಿಸಿಲ್ಲವಲ್ಲ?"

"ಮಾಲೀಕರ ಭಾವಮೈದುನರ ಕಂಪನಿಗೆ ಕಳಿಸಿದ್ದೀರಿ. ಬೋರ್ಡಿನ ಹೆಸರು ಬೇರೆ, ಮನೆ ಒಂದೇ. ಒಂದು ಫೋನ್ ಮಾಡಿ ಕೇಳಿದ್ರೆ ನಾನೇ ಹೇಳ್ತಿದ್ದೆ. ಕೇಳಿ ಅಂದಿದ್ದು ಅದಕ್ಕೇ."

ಅವರು ಕುಳಿತರು. ಅವಳೂ ಎದುರಿನ ಕುರ್ಚಿ ಎಳೆದುಕೊಂಡಳು. "ಕಳಿಸಿದ್ದು ತೋರಿಸಿ," ಎಂದಳು.

ಸ್ವಲ್ಪ ಹಿಂದೆಮುಂದೆ ನೋಡಿ ಅವರು ಪರದೆಯನ್ನು ಅವಳತ್ತ ತಿರುಗಿಸಿದರು. ಮೂರು ಕಂಪನಿಗೆ ಹೋಗಿತ್ತು. ಮಾಲೀಕರ ಭಾವಮೈದುನರದ್ದು ಒಂದು, ಮೇಷ್ಟ್ರ ಗಿರಣಿ ಒಂದು, ನೂಲಿಗೆ ಬಣ್ಣ ಹಾಕುವ ಇನ್ನೊಂದು. ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಕೊನೆಯ ಸಾಲಿಗೆ ಬೆರಳು ನಿಂತಿತು.

"'ಹದಿನೈದು ದಿನದಲ್ಲಿ ಕೆಲಸಕ್ಕೆ ಸೇರಲು ಸಿದ್ಧ.' ಯಾರು ಸಿದ್ಧ?"

"ಅದು... ಎಲ್ಲರದ್ದೂ ಹಂಗೇ ಹಾಕ್ತೀವಿ ಮೇಡಂ. ಕಂಪನಿಯವರಿಗೆ ಬೇಗ ಬರೋರು ಅಂದ್ರೆ ಇಷ್ಟ."

"ನನ್ನ ಕರಾರಿನಲ್ಲಿ ಎರಡು ತಿಂಗಳ ನೋಟಿಸ್ ಇದೆ. ನಾಳೆ ಸಂದರ್ಶನದಲ್ಲಿ ನಾನು ಎರಡು ತಿಂಗಳು ಅಂದ್ರೆ ಸುಳ್ಳುಗಾರರು ಯಾರಾಗ್ತಾರೆ? ನೀವಾ, ನಾನಾ?"

ಪಕ್ಕದ ಮೇಜಿನ ಹುಡುಗಿ ಟೈಪ್ ಮಾಡುವುದನ್ನು ನಿಲ್ಲಿಸಿ, ಮತ್ತೆ ಜೋರಾಗಿ ಟೈಪ್ ಮಾಡತೊಡಗಿದಳು.

ಏಜೆಂಟರು ದನಿ ತಗ್ಗಿಸಿದರು. "ಮೇಡಂ, ನನ್ನ ಕಷ್ಟಾನೂ ಕೇಳಿ. ಈ ದಂಧೆಯಲ್ಲಿ ಮೊದಲು ಕಳಿಸಿದವರಿಗೇ ಹಕ್ಕು. ನಿಮ್ಮನ್ನ ಕೇಳಿ, ನೀವು ಎರಡು ದಿನ ಯೋಚನೆ ಮಾಡಿ ಹೂಂ ಅನ್ನೋಷ್ಟರಲ್ಲಿ ಇನ್ನೊಬ್ಬರು ಇನ್ಯಾರದೋ ರೆಸ್ಯೂಮೆ ತುರುಕಿರ್ತಾರೆ."

"ಅದು ನಿಮ್ಮ ಕಷ್ಟ, ನಿಜ. ನಿಮ್ಮ ಕಷ್ಟ ನನ್ನ ಒಪ್ಪಿಗೆ ಆಗಲ್ಲ."

"ಒಂದು ಮಾತು. ಗಿರಣಿ ಕೆಲಸ ನಿಮಗೆ ಹೇಗೂ ಬೇಕು. ನಾನೇ ನಿಮ್ಮ ಪರ ಅಂತ ಬರೆದುಬಿಡಿ. ಇಬ್ಬರಿಗೂ ಆಗುತ್ತೆ. ನಾನು ಜೋರಾಗಿ ಶಿಫಾರಸು ಮಾಡ್ತೀನಿ."

"ಇಲ್ಲ."

"ಯೋಚನೆ ಮಾಡಿ..."

"ಮಾಡಿಯೇ ಬಂದಿದೀನಿ. ಈಗ ಬರೆಯಿರಿ. ಮೂರೂ ಕಂಪನಿಗೆ ಬೇರೆ ಬೇರೆ ಮೇಲ್. ಇವರ ಅನುಮತಿಯಿಲ್ಲದೆ ಈ ವಿವರ ಕಳಿಸಿದ್ದೆವು, ವಾಪಸ್ ಪಡೆಯುತ್ತಿದ್ದೇವೆ, ಅಳಿಸಿಹಾಕಿ. ಗಿರಣಿಗೆ ಇನ್ನೊಂದು ಸಾಲು ಜಾಸ್ತಿ: ಇವರ ಅರ್ಜಿಯ ಮೇಲೆ ನಮಗೆ ಯಾವ ಹಕ್ಕೂ ಇಲ್ಲ."

"ಆ ಸಾಲು ಬರೆದ್ರೆ ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಂಡ ಹಾಗೆ ಮೇಡಂ."

"ಇಲ್ಲಾಂದ್ರೆ ನಾನು ಬರೀಬೇಕಾಗುತ್ತೆ, ನಮ್ಮಿಬ್ಬರ ಹಳೇ ಮೇಲ್ ಕೆಳಗಿಟ್ಟು. ನೀವು ಬರೆದ್ರೆ ತಪ್ಪು ತಿದ್ಕೊಂಡವರು ಅನ್ನಿಸ್ಕೋತೀರಿ. ನಾನು ಬರೆದ್ರೆ ಬೇರೆ ಏನೋ ಅನ್ನಿಸ್ಕೋತೀರಿ. ಗಿರಣಿ ಜೊತೆ ನಿಮಗೆ ನಾಳೆಯೂ ವ್ಯವಹಾರ ಇದೆ." ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಆರಾಮವಾಗಿ ಕುಳಿತಳು. "ನಂಗೆ ಇವತ್ತು ರಜಾ. ಕಾಯ್ತೀನಿ."

ಎರಡು ಫೋನುಗಳೂ ಗುರ್ ಎಂದವು. ಏಜೆಂಟರು ಎತ್ತಲಿಲ್ಲ. ಒಂದು ಲೋಟ ನೀರು ಕುಡಿದು ಬಂದರು. ಆಮೇಲೆ ಬರೆಯತೊಡಗಿದರು. ಒಂದು ಕಡೆ "ಕಣ್ತಪ್ಪಿನಿಂದ" ಎಂದು ಹಾಕಿದರು. "ಕಣ್ತಪ್ಪಲ್ಲ, ಕೇಳದೆ" ಎಂದು ಅವಳು ತಿದ್ದಿಸಿದಳು. ಮೂರೂ ಮೇಲ್‌ಗಳಲ್ಲಿ ಅವಳ ವಿಳಾಸಕ್ಕೂ ಒಂದು ಪ್ರತಿ ಹಾಕಿಸಿದಳು. ಒಂದೊಂದೂ ತನ್ನ ಫೋನಿಗೆ ಬಂದು ಬಿದ್ದಿತೆಂದು ನೋಡಿಕೊಂಡ ಮೇಲೆಯೇ ಎದ್ದಳು.

ಬಾಗಿಲ ತನಕ ಬಂದ ಏಜೆಂಟರು, "ನಿಮ್ಮ ಫೈಲ್ ನಮ್ಮಲ್ಲೇ ಇರ್ಲಾ ಮೇಡಂ, ಅಳಿಸ್ಲಾ?" ಎಂದರು. ಫೋನ್ ಕರೆಗಳು ನಿಂತ ಮೇಲೆ ಅವರು ಅವಳ ಒಪ್ಪಿಗೆ ಕೇಳಿದ್ದು ಅದೇ ಮೊದಲು.

"ಅಳಿಸಿ," ಎಂದಳು ಅವಳು. "ಕೇಳಿದ್ದಕ್ಕೆ ಥ್ಯಾಂಕ್ಸ್."

ಆ ಭಾನುವಾರವೇ ಗಿರಣಿಯ ಹೆಂಗಸಿಗೆ ಒಂದು ಪತ್ರ ಬರೆದಳು. ಉದ್ದವಿರಲಿಲ್ಲ. ನಾನು ಯಾರಿಗೂ ನನ್ನ ಪರವಾಗಿ ಅರ್ಜಿ ಹಾಕಲು ಹೇಳಿಲ್ಲ. ಲ್ಯಾಬಿನ ಹಿರಿಯರ ಮೂಲಕ ಬಂದದ್ದೇ ನನ್ನ ಅರ್ಜಿ. ನನಗೆ ಎರಡು ತಿಂಗಳ ನೋಟಿಸ್ ಇದೆ, ಹದಿನೈದು ದಿನ ಎಂದು ಬರೆದದ್ದು ನನ್ನ ಮಾತಲ್ಲ. ತಂಗಿ ಹೆಗಲ ಮೇಲಿಂದ ಇಣುಕಿ ಓದಿ, "ನೋಟಿಸ್ ವಿಷಯ ಈಗಲೇ ಯಾಕೆ? ಕೆಲಸ ಸಿಕ್ಕಿದ್ಮೇಲೆ ಮೆತ್ತಗೆ ಹೇಳಬಹುದಲ್ಲ" ಎಂದಳು.

"ಕೇಳದೆ ಮುಚ್ಚಿಟ್ಟು ಮಾಡೋದು ಏಜೆಂಟರ ಕೆಲಸ. ಅವರದ್ದು ಅವರಿಗೇ ಇರ್ಲಿ," ಎಂದು ಬಣ್ಣದಕ್ಕ ಕಳಿಸುವ ಗುಂಡಿ ಒತ್ತಿದಳು.

ಸೋಮವಾರದಿಂದ ಗುರುವಾರದವರೆಗೆ ಬೀರು ಜೋಡಿಸಿದಳು. ಇಪ್ಪತ್ತು ವರ್ಷದ ಬಟ್ಟೆ ಚೂರುಗಳು. ಬೆಳಕು ತಾಗಿ ಬಿಳಚಿದವನ್ನು ಬೇರೆ, ಗಟ್ಟಿಯಾಗಿ ಉಳಿದವನ್ನು ಬೇರೆ ಮಾಡಿ, ಪ್ರತಿಯೊಂದಕ್ಕೂ ಚೀಟಿ ಅಂಟಿಸಿದಳು. ಮುನಿಸಿನಿಂದ ಕೆಲಸ ಕೆಡಿಸುವುದು ಅವಳಿಗೆ ಬರುತ್ತಿರಲಿಲ್ಲ. ಬಾಯ್ಲರ್ ಆಪರೇಟರ್ ಬಾಗಿಲಲ್ಲಿ ನಿಂತು, "ಏನ್ ಬಣ್ಣದಕ್ಕಾ, ಮ್ಯೂಸಿಯಂ ಮಾಡ್ತಿದೀರಾ?" ಎಂದು ಕಿಚಾಯಿಸಿದರು. "ಹೂಂ, ಟಿಕೆಟ್ ತಗೊಂಡು ಒಳಗೆ ಬನ್ನಿ," ಎಂದಳು. ಫೋನು ಮಾತ್ರ ಇಡೀ ದಿನ ಮೇಜಿನ ಮೇಲೆ ಅಂಗಾತ ಮಲಗಿರುತ್ತಿತ್ತು.

ಗುರುವಾರ ಮಧ್ಯಾಹ್ನ ಅದು ಬಡಿದುಕೊಂಡಿತು. "ನಿಮ್ಮ ಪತ್ರವೂ ಬಂತು, ಏಜೆನ್ಸಿ ಪತ್ರವೂ ಬಂತು," ಎಂದರು ಆ ಮೆತ್ತಗಿನ ದನಿಯವರು. "ನಿಮ್ಮ ಅರ್ಜಿ ನೇರ ಅರ್ಜಿ ಅಂತಲೇ ತಗೊಂಡಿದೀವಿ. ಮಂಗಳವಾರ ಹತ್ತು ಗಂಟೆಗೆ ಬರ್ತೀರಾ? ಎರಡು ತಿಂಗಳು ಕಾಯೋದು ನಮಗೆ ಸ್ವಲ್ಪ ಕಷ್ಟವೇ. ಆದ್ರೆ ಮೊದಲೇ ಹೇಳಿದ್ದು ಒಳ್ಳೇದಾಯ್ತು."

ಮಂಗಳವಾರ ಅವರು ಅವಳ ಮುಂದೆ ಒಂದು ಕಂದು ಬಟ್ಟೆ ಚೂರು ಇಟ್ಟು, ಹೊಂದಿಸಿ ಎಂದರು. ಆಯ್ಕೆ ಸಮಿತಿಯಲ್ಲಿ ಮೇಷ್ಟ್ರು ಇರಲಿಲ್ಲ, ತಾವು ಬಲ್ಲವಳೆಂದು ದೂರ ಕುಳಿತಿದ್ದರು. ಮೂರನೇ ತುಂಡು ಅದ್ದಿದಾಗ ಬಣ್ಣ ಕೂತಿತು. ಹಗಲ ಬೆಳಕಿನಲ್ಲಿ ಒಂದು ಎಳೆ ಕೆಂಪು ಹೆಚ್ಚಿದೆ ಎಂದು ಅವಳೇ ಹೇಳಿ, ನಾಲ್ಕನೆಯದನ್ನೂ ಅದ್ದಿದಳು. ಒಂದು ವಾರದೊಳಗೆ ನೇಮಕದ ಪತ್ರ ಬಂತು. ಲ್ಯಾಬ್ ಮುಖ್ಯಸ್ಥೆ ಎಂದೇ ಬರೆದಿತ್ತು. ಹಳೆಯ ಕಾರ್ಖಾನೆಯಲ್ಲಿ ಎರಡು ತಿಂಗಳನ್ನೂ ಪೂರ್ತಿ ದುಡಿದು, ಮೂರನೆಯ ಮುಖ್ಯಸ್ಥನಿಗೂ ಕೆಲಸ ಹೇಳಿಕೊಟ್ಟು ಹೊರಬಿದ್ದಳು.

ಈಗ ಅವಳ ಕೈಕೆಳಗೆ ಆರು ಜನ. ಏಳನೆಯವರು ಬೇಕಾದಾಗ ಏಜೆನ್ಸಿಗಳಿಂದ ರೆಸ್ಯೂಮೆಗಳು ಬರುತ್ತವೆ. ಅವಳು ಅವನ್ನು ಓದುವ ಮುಂಚೆ ಮಾಡುವ ಕೆಲಸವೊಂದಿದೆ. ಮೊದಲ ಪುಟದ ತಲೆಯಲ್ಲಿರುವ ನಂಬರಿಗೆ, ಊಟದ ಹೊತ್ತು ನೋಡಿ, ತಾನೇ ಫೋನ್ ಮಾಡುತ್ತಾಳೆ. ನೇಮಕಾತಿಯವರು ಮೊದಮೊದಲು ಇದೇನು ಹೊಸ ಪದ್ಧತಿ ಎಂದು ಗೊಣಗಿದರು, ಈಗ ಸುಮ್ಮನಿದ್ದಾರೆ. ಹೋದ ವಾರ ಮಾಡಿದ್ದು ಒಬ್ಬ ಯುವಕನಿಗೆ. ಅವನ ಹಿಂದೆ ಯಂತ್ರಗಳ ಸದ್ದು ಕೇಳುತ್ತಿತ್ತು.

"ಈಗ ಮಾತಾಡಬಹುದಾ? ಪಕ್ಕದಲ್ಲಿ ಯಾರಾದ್ರೂ ಇದಾರಾ?"

"ಒಂದ್ನಿಮಿಷ ಮೇಡಂ." ಸದ್ದು ದೂರವಾಯಿತು. "ಹೇಳಿ, ಯಾರು?"

ಅವಳು ಗಿರಣಿಯ ಹೆಸರು ಹೇಳಿದಳು. "ನಿಮ್ಮ ರೆಸ್ಯೂಮೆ ನನ್ನ ಮೇಜಿನ ಮೇಲಿದೆ. ನಿಮಗೆ ಗೊತ್ತಿದ್ದು ಬಂದಿದೆಯಾ?"

"ಇಲ್ಲ ಮೇಡಂ. ನಂಗೆ ಯಾರೂ... ಅಯ್ಯೋ, ನಮ್ಮ ಸಾಹೇಬ್ರಿಗೆ ಏನಾದ್ರೂ..."

"ಇಲ್ಲಿಂದ ಯಾರಿಗೂ ಹೋಗಿಲ್ಲ. ನಾನೂ ಓದಿಲ್ಲ, ನಂಬರ್ ಅಷ್ಟೇ ನೋಡಿದ್ದು. ಇಲ್ಲಿ ಕೆಲಸ ಬಣ್ಣ ಹೊಂದಿಸೋದು, ಹಗಲು ಪಾಳಿ. ಮುಖ್ಯಸ್ಥೆ ನಾನೇ. ನೀವು ಓದಿ ಅಂದ್ರೆ ಓದ್ತೀನಿ, ಬೇಡ ಅಂದ್ರೆ ವಾಪಸ್ ಕಳಿಸ್ತೀನಿ."

"ಈಗಲೇ ಹೇಳ್ಬೇಕಾ ಮೇಡಂ?"

"ಈಗಲೇ ಯಾಕೆ? ಮನೆಯಲ್ಲಿ ಕೇಳಿ, ಯೋಚನೆ ಮಾಡಿ, ಸೋಮವಾರ ಬರೆದು ತಿಳಿಸಿ," ಎಂದು ಬಣ್ಣದಕ್ಕ ಆ ಕಾಗದವನ್ನು ಮಗುಚಿ ಹಾಕಿ, ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು.